ವರದಿ ಕೈಗೆ ಬಂದ ಮೇಲೆ: ಕಲಿಕಾ ನ್ಯೂನತೆಯಿರುವ ಮಗುವಿನ ತಂದೆತಾಯಿಗೆ ಮೊದಲ ಕೆಲವು ತಿಂಗಳ ಮಾರ್ಗದರ್ಶಿ

ಓದು ಬರಹದ ಕಲಿಕಾ ನ್ಯೂನತೆಯಾದ ಡಿಸ್ಲೆಕ್ಸಿಯಾ ಎಂಬ ಪದವಿರುವ ವರದಿಯನ್ನು ಹಿಡಿದು ಹೊರಬರುವ ತಂದೆತಾಯಿ ಸಾಮಾನ್ಯವಾಗಿ ಅಳುವುದಿಲ್ಲ. ಆಟೋ ಹಿಡಿಯುತ್ತಾರೆ, ದಾರಿಯಲ್ಲಿ ಮಗು ಕೇಳಿದ ಐಸ್‌ಕ್ರೀಮ್ ಕೊಡಿಸುತ್ತಾರೆ, ಮನೆಗೆ ಬಂದು ವರದಿಯನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ಇಡುತ್ತಾರೆ. ರಾತ್ರಿ ಅಡುಗೆ ಆಗುತ್ತದೆ, ಮರುದಿನ ಬೆಳಿಗ್ಗೆ ಶಾಲೆಯ ವ್ಯಾನ್ ಬರುತ್ತದೆ. ಮಗುವಿಗೆ ಜ್ವರವಿಲ್ಲ, ಗಾಯವಿಲ್ಲ, ಮೊನ್ನೆ ಹೇಗಿತ್ತೋ ಇವತ್ತೂ ಹಾಗೆಯೇ ಇದೆ. ಆದ್ದರಿಂದ ತಮಗೆ ಆಗುತ್ತಿರುವುದನ್ನು ದುಃಖ ಎಂದು ಕರೆಯಲು ಅವರಿಗೇ ಸಂಕೋಚ. ನೆಂಟರು ಬಂದು ಸಂತೈಸುವ ಪದ್ಧತಿ ಈ ನೋವಿಗಿಲ್ಲ. ಹೆಸರಿಲ್ಲದ ಆ ದುಃಖ ಹೊರಬರುವ ದಾರಿಯನ್ನು ಹುಡುಕಿಕೊಂಡು, ಹೆಚ್ಚಿನ ಮನೆಗಳಲ್ಲಿ, ಸಂಜೆ ಆರೂವರೆಗೆ ಹೋಂವರ್ಕ್ ಮಾಡಿಸುವ ಮೇಜಿನ ಮೇಲೆ ಬಂದು ಕೂರುತ್ತದೆ.

ಶಾಲಾ ಆಪ್ತಸಮಾಲೋಚಕಿಯಾಗಿ ನಾನು ಹಲವು ವರ್ಷಗಳಿಂದ ನೋಡುತ್ತಿರುವುದು ಇದನ್ನೇ. ಮಗುವಿಗೆ ಏನು ಮಾಡಬೇಕು ಎಂಬುದರ ಬಗ್ಗೆ ಮಾಹಿತಿ ಈಗ ಬೇಕಾದಷ್ಟು ಸಿಗುತ್ತದೆ. ತಂದೆತಾಯಿ ತಮ್ಮ ದುಃಖವನ್ನು ಎಲ್ಲಿ ಇಡಬೇಕು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಈ ಲೇಖನದ ಕೆಲಸ ಅದು: ದುಃಖವನ್ನು ಆ ಮೇಜಿನಿಂದ ಎತ್ತಿ, ಅದಕ್ಕೆ ಬೇರೆ ಜಾಗ ಮತ್ತು ಬೇರೆ ಸಮಯ ಮಾಡಿಕೊಡುವುದು. ಉದಾಹರಣೆಗೆ ಒಂದು ಕುಟುಂಬವನ್ನು ಉದ್ದಕ್ಕೂ ಜೊತೆಗಿಟ್ಟುಕೊಂಡಿದ್ದೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಶಿವಮೊಗ್ಗದ ಕಡೆಯವರು, ತಂದೆಗೆ ಹಾರ್ಡ್‌ವೇರ್ ಅಂಗಡಿ, ತಾಯಿ ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕಿ, ಮಗನಿಗೆ ಒಂಬತ್ತು ವರ್ಷ, ನಾಲ್ಕನೆಯ ತರಗತಿ. ಮನೆಯಲ್ಲಿ ಅಜ್ಜಿ, ಎರಡನೆಯ ತರಗತಿಯ ತಂಗಿ.

ಮೊದಲ ವಾರ: ವರದಿಯನ್ನು ಓದುವುದು, ಬೇರೇನನ್ನೂ ನಿರ್ಧರಿಸದಿರುವುದು

ವರದಿ ಬಂದ ವಾರದಲ್ಲಿ ಶಾಲೆ ಬದಲಿಸುವುದು, ಮಾಧ್ಯಮ ಬದಲಿಸುವುದು, ತಾಯಿ ಕೆಲಸ ಬಿಡುವುದು, ಇವೆಲ್ಲ ತೀರ್ಮಾನವಾಗಿಬಿಡುತ್ತವೆ. ಮನಸ್ಸಿಗೆ ಏನಾದರೂ ಮಾಡುತ್ತಿದ್ದೇವೆ ಎಂಬ ಸಮಾಧಾನ ಬೇಕಾಗಿರುತ್ತದೆ, ಅಷ್ಟೆ. ಓದುವ ತೊಂದರೆ ಮಗುವಿಗೆ ಮೂರು ವರ್ಷದಿಂದ ಇದೆ. ಇನ್ನು ನಾಲ್ಕು ವಾರ ಕಾದರೆ ಏನೂ ಕೆಡುವುದಿಲ್ಲ. ಆ ವಾರ ಮಾಡಬೇಕಾದ ಕೆಲಸ ಒಂದೇ: ವರದಿಯನ್ನು ಬೀರುವಿನಿಂದ ತೆಗೆದು, ಇಬ್ಬರೂ ಒಟ್ಟಿಗೆ ಕುಳಿತು, ಅರ್ಥವಾಗದ ಪ್ರತಿ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆಯುವುದು. ನಂತರ ಮಗುವನ್ನು ಮನೆಯಲ್ಲಿ ಬಿಟ್ಟು, ಪರೀಕ್ಷಿಸಿದ ಮನಶ್ಶಾಸ್ತ್ರಜ್ಞರನ್ನು ಮತ್ತೊಮ್ಮೆ ಕಾಣುವುದು. ಮೊದಲ ಸಲ ಅವರು ವಿವರಿಸಿದ್ದರಲ್ಲಿ ಹೆಚ್ಚಿನದು ಕಿವಿಗೆ ಬಿದ್ದಿದ್ದರೂ ತಲೆಗೆ ಹೋಗಿರುವುದಿಲ್ಲ.

ನಮ್ಮ ಶಿವಮೊಗ್ಗದ ಹುಡುಗನ ವರದಿಯಲ್ಲಿ ಬುದ್ಧಿಮಟ್ಟದ ಅಂಕ 104 ಎಂದಿತ್ತು. ಓದು ಮತ್ತು ಕಾಗುಣಿತ ಒಂದನೆಯ ತರಗತಿಯ ಮಟ್ಟದಲ್ಲಿ, ಲೆಕ್ಕ ನಾಲ್ಕನೆಯ ತರಗತಿಯ ಮಟ್ಟದಲ್ಲಿ. ಕಲಿಕಾ ನ್ಯೂನತೆ ಎಂದು ಹೇಳುವುದಕ್ಕೆ ಬೇಕಾದ ಚಿತ್ರ ಇದೇ: ಬುದ್ಧಿಮಟ್ಟ 85ಕ್ಕಿಂತ ಮೇಲಿದ್ದು, ಕಣ್ಣು ಕಿವಿ ಸರಿಯಿದ್ದು, ಪಾಠವೂ ಸಿಕ್ಕಿದ್ದು, ಓದು ಅಥವಾ ಬರಹ ಅಥವಾ ಲೆಕ್ಕ ಮಾತ್ರ ಎರಡು ತರಗತಿಗಳಷ್ಟೋ ಇನ್ನೂ ಹೆಚ್ಚೋ ಹಿಂದಿರುವುದು. ನಮ್ಮಲ್ಲಿ ಇದನ್ನು ಅಳೆಯಲು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು ಬಳಸುತ್ತಾರೆ. ಅದರಲ್ಲಿ ಎರಡು ಹಂತಗಳಿವೆ, ಐದರಿಂದ ಏಳು ವರ್ಷದವರಿಗೊಂದು, ಎಂಟರಿಂದ ಹನ್ನೆರಡು ವರ್ಷದವರಿಗೊಂದು.

ತಾಯಿ ಕಂಡದ್ದು ಬೇರೆ. ‘ಒಂದನೆಯ ತರಗತಿಯ ಮಟ್ಟ’ ಎಂಬ ಪದಗಳನ್ನು ಓದಿದ ಮೇಲೆ 104 ಅವರ ಕಣ್ಣಿಗೆ ಬೀಳಲೇ ಇಲ್ಲ. ‘ನಾನು ಹತ್ತನೆಯ ತರಗತಿಗೆ ಹಳಗನ್ನಡ ಪಾಠ ಮಾಡುತ್ತೇನೆ ಮೇಡಂ’ ಎಂದು ಅವರು ಹೇಳಿದ್ದು ನನಗೆ ನೆನಪಿದೆ. ಮುಂದಿನ ವಾಕ್ಯವನ್ನು ಅವರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಎರಡನೆಯ ಅಭಿಪ್ರಾಯ ಬೇಕೆನ್ನಿಸಿದರೆ ಒಂದು ಸಲ ಕೇಳುವುದು ನ್ಯಾಯವೇ. ಆದರೆ ಮೊದಲ ವರದಿಯನ್ನು ಬಚ್ಚಿಟ್ಟು ಬೇರೆ ಕಡೆ ಹೋಗಬಾರದು, ಏಕೆಂದರೆ ಅದೇ ಪರೀಕ್ಷೆಯನ್ನು ಕೆಲವೇ ವಾರಗಳಲ್ಲಿ ಮತ್ತೆ ಕೊಟ್ಟರೆ ಅಭ್ಯಾಸದ ಬಲದಿಂದಲೇ ಅಂಕ ಏರಬಹುದು, ಆ ಏರಿಕೆಯನ್ನು ನಂಬಿ ಒಂದು ವರ್ಷ ಕಳೆದುಹೋಗಬಹುದು. ಮೂರನೆಯ, ನಾಲ್ಕನೆಯ ಕಡೆ ಹೋಗಬೇಕೆನ್ನಿಸುತ್ತಿದ್ದರೆ ನೀವು ಹುಡುಕುತ್ತಿರುವುದು ‘ಏನೂ ಇಲ್ಲ’ ಎನ್ನುವ ಒಬ್ಬರನ್ನು. ಅಂಥವರು ಸಿಕ್ಕೂ ಸಿಗುತ್ತಾರೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ, ನೆನಪಿನ ಶಕ್ತಿಯ ಟಾನಿಕ್, ಎಡ ಮಿದುಳು ಬಲ ಮಿದುಳಿನ ತರಬೇತಿ ಮಾರುವವರಿಗೆ ಈ ತಿಂಗಳುಗಳ ತಂದೆತಾಯಿಯೇ ಗಿರಾಕಿಗಳು. ಇವುಗಳಿಂದ ಡಿಸ್ಲೆಕ್ಸಿಯಾದ ಮಗು ಓದಲು ಕಲಿಯುತ್ತದೆ ಎಂಬುದಕ್ಕೆ ಒಪ್ಪತಕ್ಕ ಆಧಾರವಿಲ್ಲ.

ಎರಡನೆಯ ಹೆಜ್ಜೆ: ಹಳೆಯ ನೋಟ್‌ಬುಕ್ಕುಗಳ ಲೆಕ್ಕ ತೀರಿಸುವುದು

ಬೇರೆ ನ್ಯೂನತೆಗಳು ಹುಟ್ಟಿನಲ್ಲೋ ಮೊದಲ ಎರಡು ವರ್ಷಗಳಲ್ಲೋ ತಿಳಿಯುವುದುಂಟು. ಕಲಿಕಾ ನ್ಯೂನತೆ ತಿಳಿಯುವ ಹೊತ್ತಿಗೆ ಮಗು ಎರಡು ಮೂರು ವರ್ಷ ಬೈಸಿಕೊಂಡು, ಕೆಲವು ಮನೆಗಳಲ್ಲಿ ಹೊಡೆಸಿಕೊಂಡು ಆಗಿರುತ್ತದೆ. ಹೀಗಾಗಿ ಇಲ್ಲಿ ದುಃಖಕ್ಕಿಂತ ಮೊದಲು ಬರುವುದು ಒಂದು ಬಗೆಯ ನಿರಾಳ, ‘ಅಂತೂ ಇದಕ್ಕೊಂದು ಹೆಸರಿದೆ’ ಎಂದು. ಅದರ ಬೆನ್ನಿಗೇ ತಪ್ಪಿತಸ್ಥ ಭಾವ ಬರುತ್ತದೆ.

ಆ ತಾಯಿ ಒಂದು ಮಧ್ಯಾಹ್ನ ಮಗನ ಎರಡನೆಯ ತರಗತಿಯ ಉಕ್ತಲೇಖನದ ಪುಸ್ತಕವನ್ನು ನನ್ನ ಮುಂದಿಟ್ಟರು. ‘ಪುಸ್ತಕ’ ಎಂಬುದನ್ನು ಹುಡುಗ ಒಂದು ಕಡೆ ‘ಪುಸಕ’ ಎಂದೂ ಮರುದಿನ ‘ಪುತಸಕ’ ಎಂದೂ ಬರೆದಿದ್ದ. ‘ಅಜ್ಜಿ’ ‘ಅಜಿ’ ಆಗಿತ್ತು, ‘ಶಾಲೆ’ಗೆ ದೀರ್ಘವಿರಲಿಲ್ಲ. ಕನ್ನಡದಲ್ಲಿ ಈ ತೊಂದರೆ ತೋರುವ ಬಗೆಯೇ ಇದು: ಮೂಲಾಕ್ಷರಗಳು ಹೇಗೋ ಬರುತ್ತವೆ, ಒತ್ತು ಮತ್ತು ದೀರ್ಘ ಜಾರಿಹೋಗುತ್ತವೆ. ಅದೇ ಪದ ಒಂದೇ ಪುಟದಲ್ಲಿ ಎರಡು ಮೂರು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಸೋಮಾರಿಯಾದ ಮಗು ಬರೆಯದೆ ಬಿಡುತ್ತದೆ. ಈ ಹುಡುಗ ಪ್ರತಿ ಪದವನ್ನೂ ಬರೆದಿದ್ದ, ಪ್ರತಿ ಸಲ ಬೇರೆ ಬೇರೆಯಾಗಿ. ತಪ್ಪುಗಳ ಸುತ್ತ ಕೆಂಪು ಶಾಯಿಯ ಸುತ್ತುಗಳಿದ್ದವು, ಪುಟದ ಕೆಳಗೆ ‘20 ಸಲ ಬರೆ’ ಎಂದಿತ್ತು. ಅಕ್ಷರ ಶಾಲೆಯ ಶಿಕ್ಷಕಿಯದಿರಬೇಕು ಎಂದುಕೊಂಡೆ. ‘ಅದು ನನ್ನದೇ’ ಎಂದರು ತಾಯಿ.

ಈ ಭಾವವನ್ನು ಒಳಗೇ ಇಟ್ಟುಕೊಂಡರೆ ಅದು ಎರಡು ರೂಪದಲ್ಲಿ ಕೆಡುಕು ಮಾಡುತ್ತದೆ. ಒಂದೋ ಮಗು ಕೇಳಿದ್ದೆಲ್ಲ ಕೊಡಿಸುವುದು ಶುರುವಾಗುತ್ತದೆ, ಇಲ್ಲವೇ ‘ಇಷ್ಟು ದಿನ ಹಾಳಾಯಿತು, ಈಗಲಾದರೂ ಸರಿಮಾಡುತ್ತೇನೆ’ ಎಂದು ಸಂಜೆ ಎರಡು ಗಂಟೆಯ ಪಾಠ ಮೂರು ಗಂಟೆಯಾಗುತ್ತದೆ. ಅದನ್ನು ತೀರಿಸಲು ಇರುವ ನೇರ ದಾರಿಯೆಂದರೆ ಮಗುವಿನ ಕ್ಷಮೆ ಕೇಳುವುದು. ನಮ್ಮ ಮನೆಗಳಲ್ಲಿ ದೊಡ್ಡವರು ಮಕ್ಕಳ ಕ್ಷಮೆ ಕೇಳುವ ರೂಢಿ ಕಡಿಮೆ, ಆದ್ದರಿಂದ ಮಾತನ್ನು ಮೊದಲೇ ಜೋಡಿಸಿಕೊಳ್ಳಬೇಕು. ಅದು ಚಿಕ್ಕದಾಗಿರಲಿ, ಅಳು ಬಾರದ ಹೊತ್ತಿನಲ್ಲಿ ಆಗಲಿ. ಮಗುವಿನ ಮುಂದೆ ಅತ್ತರೆ ಅದು ನಿಮ್ಮನ್ನು ಸಂತೈಸಲು ತೊಡಗುತ್ತದೆ, ಮಾತು ಅಲ್ಲಿಗೆ ನಿಂತುಹೋಗುತ್ತದೆ. ತಾಯಿ ಹೇಳಿದ್ದು ಇಷ್ಟು: ‘ನಿನಗೆ ಅಕ್ಷರ ಕೂಡಿಸೋದು ನಿಜವಾಗಿಯೂ ಕಷ್ಟ ಆಗ್ತಿತ್ತು. ನೀನು ಬೇಕಂತಲೇ ಮಾಡ್ತಿದ್ದೀಯ ಅಂದ್ಕೊಂಡು ಬೈದೆ. ತಪ್ಪು ನಂದು. ಇನ್ಮೇಲೆ ಓದೋದನ್ನ ಬೇರೆ ಥರ ಹೇಳಿಕೊಡೋ ಟೀಚರ್ ಹತ್ರ ಹೋಗೋಣ.’ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಇವತ್ತು ಉಕ್ತಲೇಖನ ಇಲ್ವಾ?’ ಎಂದು ಕೇಳಿದನಂತೆ.

ಇದೇ ಮಾತಿನ ಜೊತೆಗೆ ತೊಂದರೆಯ ಹೆಸರನ್ನೂ ಮಗುವಿಗೆ ಹೇಳುವುದು ಒಳ್ಳೆಯದು. ಒಂಬತ್ತು ವರ್ಷದ ಮಗುವಿಗೆ ತಾನು ಬೇರೆಯವರ ಹಾಗೆ ಓದಲಾರೆ ಎಂಬುದು ನಿಮಗಿಂತ ಮೊದಲೇ ಗೊತ್ತಿರುತ್ತದೆ. ಅದಕ್ಕೆ ಅದು ತಾನೇ ಇಟ್ಟುಕೊಂಡಿರುವ ಹೆಸರು ‘ದಡ್ಡ’.

ಮೂರನೆಯ ಹೆಜ್ಜೆ: ಏನು ಹೋಯಿತು ಎಂದು ಬರೆದಿಡುವುದು

ತಂದೆತಾಯಿಯ ದುಃಖ ಯಾವುದರ ಬಗ್ಗೆ ಎಂದು ನೇರವಾಗಿ ಕೇಳಿದರೆ ‘ಅವನ ಭವಿಷ್ಯ’ ಎಂಬ ಉತ್ತರ ಬರುತ್ತದೆ. ಭವಿಷ್ಯ ಎಂಬುದು ತೀರಾ ದೊಡ್ಡ ಪದ, ಅದನ್ನು ಹಿಡಿದು ಯಾರೂ ಅಳಲಾರರು, ಮುಂದೆ ಹೋಗಲೂ ಆರರು. ಆದ್ದರಿಂದ ನಾನು ಇಬ್ಬರಿಗೂ ಬೇರೆ ಬೇರೆ ಹಾಳೆ ಕೊಟ್ಟು, ವರದಿ ಬರುವ ಮೊದಲು ಮನಸ್ಸಿನಲ್ಲಿ ಏನೇನು ಚಿತ್ರಗಳಿದ್ದವೋ ಅವನ್ನು ಸಣ್ಣ ಸಣ್ಣದಾಗಿ ಬರೆಯಲು ಹೇಳುತ್ತೇನೆ. ಒಬ್ಬರದನ್ನು ಒಬ್ಬರು ನೋಡುವಂತಿಲ್ಲ, ಮಗುವಿಗಂತೂ ಸಿಗಬಾರದು.

ತಾಯಿ ಬರೆದದ್ದರಲ್ಲಿ ಕೆಲವು: ಮುಂದಿನ ವರ್ಷ ನವೋದಯದ ಪ್ರವೇಶ ಪರೀಕ್ಷೆ. ಶಾಲೆಯ ವಾರ್ಷಿಕೋತ್ಸವದಲ್ಲಿ ನಿರೂಪಣೆ. ಪಿಯುಸಿಯಲ್ಲಿ ವಿಜ್ಞಾನ. ಭಾನುವಾರ ಅವನೂ ನಾನೂ ಒಂದೇ ಪುರವಣಿಗೆ ಜಗಳವಾಡುವುದು. ಸ್ಟಾಫ್ ರೂಮಿನಲ್ಲಿ ಅವನ ಬಗ್ಗೆ ಹೇಳಿಕೊಳ್ಳುವುದು. ಕೊನೆಯದನ್ನು ಬರೆದು ಹೊಡೆದುಹಾಕಿದ್ದರು, ಆದರೆ ಓದುವಷ್ಟು ಕಾಣುತ್ತಿತ್ತು.

ಒಂದು ತಿಂಗಳ ನಂತರ ಅದೇ ಹಾಳೆಯನ್ನು ತೆಗೆದು ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದನ್ನು ಬರೆಯುತ್ತಾರೆ: ಹೋಯಿತು, ತಡವಾಗುತ್ತದೆ, ಇನ್ನೂ ಇದೆ. ನವೋದಯದ ಪರೀಕ್ಷೆಯಲ್ಲಿ ಭಾಷೆಯ ಭಾಗವನ್ನು ಗಡಿಯಾರದ ಮುಂದೆ ಓದಿ ಉತ್ತರಿಸಬೇಕು. ಮುಂದಿನ ವರ್ಷಕ್ಕೆ ಅದು ಆಗದ ಮಾತು, ಹೋಯಿತು. ನಿರೂಪಣೆ ಇನ್ನೂ ಇದೆ, ಹುಡುಗನ ಮಾತು ಚೆನ್ನಾಗಿದೆ, ಕೇಳಿಸಿಕೊಂಡು ಬಾಯಿಪಾಠ ಮಾಡಬಲ್ಲ. ವಿಜ್ಞಾನದ ಬಗ್ಗೆ ಈಗ ಏನೂ ಹೇಳುವಂತಿಲ್ಲ, ಲೆಕ್ಕ ಗಟ್ಟಿಯಾಗಿರುವುದರಿಂದ ಆ ಬಾಗಿಲು ಮುಚ್ಚಿಲ್ಲ. ಪುರವಣಿಯ ಸಾಲಿನ ಮುಂದೆ ಅವರು ಬಹಳ ಹೊತ್ತು ಪೆನ್ನು ಹಿಡಿದು ಕುಳಿತಿದ್ದರು. ಡಿಸ್ಲೆಕ್ಸಿಯಾ ಇರುವವರು ಓದಲು ಕಲಿಯುತ್ತಾರೆ, ಆದರೆ ಓದು ನಿಧಾನವಾಗಿಯೇ ಉಳಿಯುವುದು ಸಾಮಾನ್ಯ. ಸುಖಕ್ಕಾಗಿ ಓದುವವನಾಗುತ್ತಾನೋ ಇಲ್ಲವೋ ಯಾರೂ ಮಾತು ಕೊಡಲಾರರು. ಅವರು ‘ಹೋಯಿತು’ ಎಂದು ಬರೆದು, ಅಲ್ಲಿ ಮೊದಲ ಸಲ ಅತ್ತರು. ನನ್ನ ಮಟ್ಟಿಗೆ ಆ ಕುಟುಂಬದ ಚೇತರಿಕೆ ಶುರುವಾದದ್ದು ಅವತ್ತು. ನವೋದಯದಂಥ ದೊಡ್ಡ ಸಾಲಿಗೆ ಬಾರದ ಅಳು ಭಾನುವಾರದ ಪುರವಣಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ, ತಾಯಿ ಮಗನ ನಡುವೆ ಆಗಬೇಕಿದ್ದ ಒಂದು ಗೆಳೆತನ ಅಲ್ಲಿತ್ತು.

ನಾಲ್ಕನೆಯ ಹೆಜ್ಜೆ: ಗಂಡ ಹೆಂಡಿರ ಬೇರೆ ಬೇರೆ ನಡಿಗೆ

ಒಬ್ಬರು ರಾತ್ರಿ ಒಂದರವರೆಗೆ ಮೊಬೈಲಿನಲ್ಲಿ ಹುಡುಕುತ್ತಿರುತ್ತಾರೆ, ಇನ್ನೊಬ್ಬರು ವಿಷಯವನ್ನೇ ಎತ್ತುವುದಿಲ್ಲ. ಹುಡುಕುವವರಿಗೆ ಇನ್ನೊಬ್ಬರು ಕಲ್ಲಿನಂತೆ ಕಾಣುತ್ತಾರೆ; ಸುಮ್ಮನಿರುವವರಿಗೆ ಇವರು ಮಗುವನ್ನು ರೋಗಿ ಮಾಡುತ್ತಿದ್ದಾರೆ ಎನ್ನಿಸುತ್ತದೆ. ಹೆಚ್ಚಾಗಿ ಹುಡುಕುವವರು ತಾಯಿ, ಸುಮ್ಮನಿರುವವರು ತಂದೆ, ಆದರೆ ತಿರುಗುಮುರುಗಾದದ್ದನ್ನೂ ಕಂಡಿದ್ದೇನೆ.

ಶಿವಮೊಗ್ಗದ ತಂದೆ ಮೊದಲ ಭೇಟಿಯಲ್ಲಿ ಆಡಿದ್ದು ಒಂದೇ ಮಾತು: ‘ನಾನೂ ಹಂಗೇ ಇದ್ದೆ. ಈಗ ನೆಟ್ಟಗಿಲ್ವಾ?’ ಇಂಥ ಮಾತನ್ನು ಕೇಳಿದ ಕೂಡಲೇ ‘ಇವರು ಒಪ್ಪಿಕೊಳ್ಳುತ್ತಿಲ್ಲ’ ಎಂದು ತೀರ್ಮಾನಿಸುವ ಅಭ್ಯಾಸ ನಮ್ಮ ವೃತ್ತಿಯವರಿಗಿದೆ. ಅದು ಅವಸರ. ಡಿಸ್ಲೆಕ್ಸಿಯಾ ವಂಶದಲ್ಲಿ ಹರಿಯುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಗುವಿಗೆ ಬರುವ ಸಂಭವ ಬೇರೆಯವರಿಗಿಂತ ಬಹಳ ಹೆಚ್ಚು. ಆದ್ದರಿಂದ ಆ ವಾಕ್ಯ ಅಕ್ಷರಶಃ ನಿಜವಿರಬಹುದು. ಅಂಗಡಿಯಲ್ಲಿ ನೂರಾರು ಬಗೆಯ ಬೋಲ್ಟು ನಟ್ಟುಗಳ ದರ ಅವರ ಬಾಯಲ್ಲಿತ್ತು, ಉದ್ದರಿ ಲೆಕ್ಕ ತಲೆಯಲ್ಲಿತ್ತು. ಬ್ಯಾಂಕಿನ ಫಾರಂ ಮಾತ್ರ ಹೆಂಡತಿಯೇ ತುಂಬಬೇಕು, ಕನ್ನಡಕ ಮರೆತುಬಂದೆ ಎಂಬುದು ಹದಿನೈದು ವರ್ಷಗಳ ನೆಪ. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಫೇಲಾಗಿ ಅಂಗಡಿಗೆ ಕೂತವರು. ಮಗನ ವರದಿಯನ್ನು ಓದಿದಾಗ, ಅಂದರೆ ಹೆಂಡತಿ ಓದಿ ಹೇಳಿದಾಗ, ಅವರಿಗೆ ಕಂಡದ್ದು ಮೇಷ್ಟ್ರ ಬೆತ್ತದ ಮುಂದೆ ನಿಂತ ತಾನು. ಮಗನಿಗಾಗಿ ದುಃಖಪಡುವುದಕ್ಕೆ ಮೊದಲು ಆ ಹಳೆಯ ಹುಡುಗನಿಗಾಗಿ ಪಡಬೇಕಾದ ದುಃಖ ಬಾಕಿಯಿತ್ತು. ಜೊತೆಗೆ ‘ನನ್ನಿಂದಲೇ ಬಂತು’ ಎಂಬ ಅಪರಾಧದ ಭಾವವೂ ಇತ್ತು, ಹೆಂಡತಿಯ ಮನೆಯವರು ಅದನ್ನು ಆಡಿಯೂಬಿಟ್ಟಾರು ಎಂಬ ಹೆದರಿಕೆಯೂ ಇತ್ತು.

ನಿಮ್ಮ ಮನೆಯಲ್ಲೂ ಯಾರಾದರೂ ‘ನಾನೂ ಹಾಗೇ ಇದ್ದೆ’ ಎಂದರೆ ವಾದಕ್ಕೆ ಇಳಿಯದೆ, ‘ಹೇಗಿದ್ದಿರಿ, ಹೇಳಿ’ ಎಂದು ಕೇಳಿ. ವಾರಕ್ಕೊಂದು ದಿನ, ಮಕ್ಕಳು ಮಲಗಿದ ಮೇಲೆ, ಇಪ್ಪತ್ತು ನಿಮಿಷ ಇದಕ್ಕೆಂದು ತೆಗೆದಿಡಿ. ಹತ್ತು ನಿಮಿಷ ಒಬ್ಬರು ಮಾತಾಡುತ್ತಾರೆ, ಇನ್ನೊಬ್ಬರು ಪರಿಹಾರ ಹೇಳದೆ ಕೇಳುತ್ತಾರೆ, ನಂತರ ಸರದಿ ಬದಲು. ಫೀಸು, ಟೀಚರು, ಪರೀಕ್ಷೆ ಇವು ಆ ಹೊತ್ತಿಗೆ ಬೇಡ, ಅವಕ್ಕೆ ಬೇರೆ ದಿನವಿರಲಿ. ಕೃತಕವಾಗಿದೆ ಎನ್ನಿಸುತ್ತದೆ, ಮೊದಲ ಎರಡು ವಾರ ಬಹುಪಾಲು ಮೌನವೇ ಇರುತ್ತದೆ. ಈ ದಂಪತಿಗಳ ಮೂರನೆಯ ವಾರದಲ್ಲಿ ತಂದೆ ಬ್ಯಾಂಕಿನ ಫಾರಮ್ಮಿನ ವಿಷಯ ತಾವಾಗಿಯೇ ಎತ್ತಿದರು. ಹೆಂಡತಿಗೆ ಅದು ಮದುವೆಯಾದ ವರ್ಷದಿಂದಲೂ ಗೊತ್ತಿತ್ತಂತೆ.

ಅಜ್ಜಿಗೆ, ನೆಂಟರಿಗೆ, ತಂಗಿಗೆ

ಎಲ್ಲರಿಗೂ ಎಲ್ಲವನ್ನೂ ಹೇಳಬೇಕಾಗಿಲ್ಲ. ಮಗುವಿನ ಓದಿನ ಮೇಲೆ ಕೈಯಿರುವವರಿಗೆ, ಅಂದರೆ ಮನೆಯವರಿಗೆ ಮತ್ತು ತರಗತಿಯ ಶಿಕ್ಷಕರಿಗೆ ಹೇಳಬೇಕು. ಉಳಿದವರಿಗೆ ‘ಓದಿಗೆ ಬೇರೆ ಟೀಚರ ಹತ್ತಿರ ಹೋಗುತ್ತಿದ್ದಾನೆ’ ಎಂದರೆ ಸಾಕು.

ಅಜ್ಜಿ ವಿಷಯ ಕೇಳಿದ ಕೂಡಲೇ ಕಾರಣ ಹುಡುಕುತ್ತಾರೆ. ಬಸುರಿಯಲ್ಲಿ ಗ್ರಹಣದ ದಿನ ಹೊರಗೆ ಬಂದದ್ದು, ಸೊಸೆ ಕೆಲಸಕ್ಕೆ ಹೋಗುವುದು, ಮೊಬೈಲು. ಈ ಒಂದು ವಿಷಯದಲ್ಲಿ ಮಾತ್ರ ನಯವಾಗಿ ಆದರೆ ಗಟ್ಟಿಯಾಗಿ ನಿಲ್ಲಬೇಕು, ಅದೂ ಸೊಸೆಯ ಬಾಯಿಂದಲ್ಲ, ಮಗನ ಬಾಯಿಂದ: ಹುಟ್ಟಿನಿಂದಲೇ ಮಗುವಿನ ಮಿದುಳು ಸದ್ದನ್ನೂ ಅಕ್ಷರವನ್ನೂ ಜೋಡಿಸುವ ಬಗೆ ಬೇರೆ, ಯಾರ ತಪ್ಪಿನಿಂದಲೂ ಬಂದದ್ದಲ್ಲ. ಹರಕೆ ಹೊತ್ತುಕೊಂಡರೆ ತಡೆಯುವ ಅಗತ್ಯವಿಲ್ಲ, ಅದು ಅಜ್ಜಿ ದುಃಖವನ್ನು ಇಡುವ ಜಾಗ. ಅವರಿಗೊಂದು ಕೆಲಸವನ್ನೂ ಕೊಡಿ, ರಾತ್ರಿ ಕಥೆ ಹೇಳುವುದು. ತಾನೇ ಓದಲಾರದ ಮಗುವಿಗೆ ಹೊಸ ಪದಗಳು ಬರುವ ದೊಡ್ಡ ದಾರಿ ಕಿವಿಯೇ.

ತಂಗಿಯ ವಿಷಯ ಸೂಕ್ಷ್ಮ. ಎರಡನೆಯ ತರಗತಿಯ ಹುಡುಗಿ ಅಣ್ಣನ ಪುಸ್ತಕವನ್ನು ಗಟ್ಟಿಯಾಗಿ ಓದಿಬಿಟ್ಟ ದಿನ ಮನೆಯಲ್ಲಿ ಎಲ್ಲರೂ ಒಂದು ಕ್ಷಣ ಸುಮ್ಮನಾಗುತ್ತಾರೆ. ಅವಳನ್ನು ಹೊಗಳುವುದನ್ನು ನಿಲ್ಲಿಸಬಾರದು. ಹೋಲಿಸುವುದನ್ನು ಮತ್ತು ಅವಳಿಂದ ಅಣ್ಣನಿಗೆ ಪಾಠ ಹೇಳಿಸುವುದನ್ನು ನಿಲ್ಲಿಸಬೇಕು.

ಐದನೆಯ ಹೆಜ್ಜೆ: ಸಂಜೆಯ ಮೇಜನ್ನು ಮರಳಿ ಪಡೆಯುವುದು

ವಿಶೇಷ ಶಿಕ್ಷಕರು ವಾರಕ್ಕೆ ಎರಡು ಮೂರು ಸಲ ಸದ್ದು, ಅಕ್ಷರ, ಕಾಗುಣಿತ, ಒತ್ತಕ್ಷರಗಳನ್ನು ಕ್ರಮವಾಗಿ ಕಲಿಸುತ್ತಾರೆ. ಫಲ ಕಾಣಲು ತಿಂಗಳುಗಳು ಬೇಕು. ಅದು ಅವರ ಕೆಲಸ. ತಾಯಿ ಶಿಕ್ಷಕಿಯೇ ಆಗಿದ್ದರೂ, ಶಿಕ್ಷಕಿಯಾಗಿದ್ದರಂತೂ ವಿಶೇಷವಾಗಿ, ಮನೆಯಲ್ಲಿ ಅದನ್ನು ಮತ್ತೆ ಮಾಡಿಸಬಾರದು ಎಂಬುದು ನನ್ನ ಅನುಭವದ ಮಾತು. ದುಃಖದಲ್ಲಿರುವ ಕೈಯಲ್ಲಿ ಕೆಂಪು ಪೆನ್ನು ಇರಬಾರದು. ಸಾಮಾನ್ಯ ಟ್ಯೂಷನ್ನಿಗೆ ಸೇರಿಸಿದರೆ ಶಾಲೆಯಲ್ಲಿ ಅರ್ಥವಾಗದ ರೀತಿಯಲ್ಲೇ ಮತ್ತೊಂದು ಗಂಟೆ ಪಾಠವಾಗುತ್ತದೆ, ಅಷ್ಟೆ.

ಮನೆಯಲ್ಲಿ ಮಾಡಬಹುದಾದದ್ದು ಹದಿನೈದು ನಿಮಿಷದ ಜೊತೆ ಓದು. ಮಗು ಆರಿಸಿದ ಪುಸ್ತಕವನ್ನು ಇಬ್ಬರೂ ಒಟ್ಟಿಗೆ, ಒಂದೇ ದನಿಯಲ್ಲಿ ಓದುವುದು. ಮಗು ತಡವರಿಸಿದರೆ ನಾಲ್ಕೈದು ಸೆಕೆಂಡು ಕಾದು, ನೀವೇ ಪದವನ್ನು ಹೇಳಿ ಮುಂದೆ ಹೋಗುವುದು. ‘ನೋಡು, ನಿನ್ನೆ ತಾನೇ ಹೇಳಿಕೊಟ್ಟೆನಲ್ಲ’ ಎಂಬ ಮಾತು ಇಲ್ಲ. ಹದಿನೈದನೆಯ ನಿಮಿಷಕ್ಕೆ, ಕಥೆ ಎಲ್ಲೇ ಇರಲಿ, ನಿಲ್ಲಿಸುವುದು. ಈ ಮನೆಯಲ್ಲಿ ಆ ಕೆಲಸವನ್ನು ತಂದೆ ವಹಿಸಿಕೊಂಡರು. ಅವರೂ ತಡವರಿಸುತ್ತಿದ್ದರು; ಹುಡುಗ ಕಾಯುತ್ತಿದ್ದ.

ಹೋಂವರ್ಕಿನ ವಿಷಯದಲ್ಲಿ ಶಾಲೆಗೆ ಒಂದು ಪತ್ರ ಬರೆದು ಮೂರು ಸಂಗತಿ ಕೇಳಿಕೊಳ್ಳಿ: ಬರೆಯುವ ಕೆಲಸ ಅರ್ಧ ಇರಲಿ, ಉಳಿದದ್ದಕ್ಕೆ ಬಾಯಲ್ಲಿ ಉತ್ತರ ಕೇಳಲಿ, ಮುನ್ಸೂಚನೆಯಿಲ್ಲದೆ ತರಗತಿಯ ಮುಂದೆ ನಿಲ್ಲಿಸಿ ಓದಿಸದಿರಲಿ. ವರದಿಯ ಕೊನೆಯ ಪುಟದ ಶಿಫಾರಸುಗಳ ಪ್ರತಿ ಲಗತ್ತಿಸಿ, ಸಹಿ ಹಾಕಿಸಿಕೊಂಡ ಒಂದು ಪ್ರತಿಯನ್ನು ಇಟ್ಟುಕೊಳ್ಳಿ. ಜೂನ್‌ನಲ್ಲಿ ತರಗತಿ ಬದಲಾದರೆ ಹೊಸ ಶಿಕ್ಷಕರಿಗೆ ಮತ್ತೆ ಮೊದಲಿನಿಂದ ಹೇಳಬೇಕಾಗುತ್ತದೆ, ಆಗ ಅದು ನೆರವಿಗೆ ಬರುತ್ತದೆ.

ಪ್ರಮಾಣಪತ್ರದ ಪ್ರಶ್ನೆ

ಸ್ವಲ್ಪ ಶಾಂತವಾಗಿದ್ದ ಮನೆಯನ್ನು ಮತ್ತೆ ಕಲಕುವುದು ಇದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಖಾಸಗಿ ಕೇಂದ್ರದ ವರದಿಯಿಂದ ಪಾಠ ಶುರುಮಾಡಬಹುದು, ಆದರೆ ಕಾನೂನಿನ ಸೌಲಭ್ಯಕ್ಕೆ ಸರ್ಕಾರ ಗೊತ್ತುಪಡಿಸಿದ ವೈದ್ಯಕೀಯ ಪ್ರಾಧಿಕಾರದ ಪ್ರಮಾಣಪತ್ರ ಬೇಕು, ಅರ್ಜಿ ಸಲ್ಲಿಸುವುದು swavlambancard.gov.in ಎಂಬಲ್ಲಿ. ಕೇಂದ್ರದ ಮಾರ್ಗಸೂಚಿಯಂತೆ ಎಂಟು ವರ್ಷ ತುಂಬಿದ ಮೇಲಷ್ಟೇ ಇದನ್ನು ಕೊಡುತ್ತಾರೆ, 14ಕ್ಕೆ ಮತ್ತು 18ಕ್ಕೆ ಮತ್ತೆ ಪರೀಕ್ಷೆಯಾಗಬೇಕು, 18ಕ್ಕೆ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ಈ ಪರೀಕ್ಷೆ ಮಾಡುವ ತಂಡ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಪೂರ್ತಿ ಇರುವುದಿಲ್ಲವಾದ್ದರಿಂದ, ಹೊರಡುವ ಮೊದಲು ವಿಚಾರಿಸಿಕೊಳ್ಳಬೇಕು.

‘ನನ್ನ ಮಗನಿಗೆ ಅಂಗವಿಕಲ ಕಾರ್ಡಾ?’ ಎಂದು ತಂದೆ ಎದ್ದು ಹೋದರು. ನಾಲ್ಕು ತಿಂಗಳಲ್ಲಿ ಅವರು ದನಿಯೇರಿಸಿದ್ದು ಅದೊಂದೇ ಸಲ. ಇಂಥ ಹೊತ್ತಿನಲ್ಲಿ ಒತ್ತಾಯ ಬೇಡ. ನಾಲ್ಕನೆಯ ತರಗತಿಯ ಮಗುವಿಗೆ ಪ್ರಮಾಣಪತ್ರ ತುರ್ತಲ್ಲ, ಪಾಠ ತುರ್ತು. ಆದರೆ ಬೋರ್ಡ್ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಅಂದರೆ ಗಂಟೆಗೆ 20 ನಿಮಿಷದಂತೆ ಮೂರು ಗಂಟೆಯ ಪತ್ರಿಕೆಗೆ ಇನ್ನೊಂದು ಗಂಟೆ, ಬೇಕಿದ್ದರೆ ಬರೆದುಕೊಡುವವರ ನೆರವು, ಇವುಗಳಿಗೆ ಅದು ಬೇಕೇ ಬೇಕು. ಹತ್ತನೆಯ ತರಗತಿಯ ಜನವರಿಯಲ್ಲಿ ಓಡಾಡಿದರೆ ಸಿಗುವುದಿಲ್ಲ. ಭಾಷಾ ವಿಷಯಗಳ ವಿನಾಯಿತಿ ಒಂದೊಂದು ಬೋರ್ಡಿನಲ್ಲಿ ಒಂದೊಂದು ಬಗೆಯಾಗಿರುವುದರಿಂದ ಎಂಟನೆಯ ತರಗತಿಯಲ್ಲೇ ಲಿಖಿತವಾಗಿ ಕೇಳಿಕೊಳ್ಳಬೇಕು. ಹಾಗಾಗಿ ಈ ದಂಪತಿಗಳಿಗೆ ನಾನು ಹೇಳಿದ್ದು, ಏಳನೆಯ ತರಗತಿಯ ಬೇಸಿಗೆ ರಜೆಯೊಳಗೆ ಆಗಲಿ, ಅಲ್ಲಿಯವರೆಗೆ ಈ ಮಾತು ಎತ್ತುವುದು ಬೇಡ ಎಂದು.

ಮತ್ತೆ ಬರುವ ದಿನಗಳು

ಬುದ್ಧಿ ಬೆಳವಣಿಗೆಯ ಕೊರತೆಯಿರುವ ಮಕ್ಕಳ ತಂದೆತಾಯಿಯ ಬಗ್ಗೆ 1962ರಲ್ಲಿ ಅಮೆರಿಕದ ಸೈಮನ್ ಓಲ್ಶಾನ್ಸ್ಕಿ ಒಂದು ಮಾತು ಬರೆದರು: ಅವರ ದುಃಖ ದೀರ್ಘಕಾಲದ್ದು, ಅದು ರೋಗವಲ್ಲ, ಸಹಜವಾದದ್ದು. ಕಲಿಕಾ ನ್ಯೂನತೆಯ ಕಥೆ ಅಷ್ಟು ಭಾರದ್ದಲ್ಲದಿದ್ದರೂ ದುಃಖ ಮರಳಿ ಬರುವ ಬಗೆ ಇಲ್ಲೂ ಅದೇ. ಬರುವ ದಿನಗಳನ್ನು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು: ಶಾಲೆ ಶುರುವಾಗಿ ಹೊಸ ಪುಸ್ತಕಗಳಿಗೆ ಬೈಂಡ್ ಹಾಕುವ ದಿನ, ಪ್ರೋಗ್ರೆಸ್ ಕಾರ್ಡಿಗೆ ಸಹಿ ಹಾಕುವ ದಿನ, ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದು ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ನೆಂಟರ ಮಕ್ಕಳ ಅಂಕಗಳು ಹರಿಯುವ ದಿನ. ಆ ದಿನ ಗುಂಪನ್ನು ಮ್ಯೂಟ್ ಮಾಡುವುದರಲ್ಲಿ ಸಣ್ಣತನವೇನಿಲ್ಲ. ಅಂದು ಸಂಜೆ ಜೊತೆ ಓದಿಗೂ ರಜೆ ಕೊಡಿ.

ಆದರೆ ಈ ಅಲೆ ಬಂದು ಹೋಗಬೇಕು. ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಮೊದಲು ಇಷ್ಟವಾಗುತ್ತಿದ್ದುದರಲ್ಲಿ ಮನಸ್ಸು ನಿಲ್ಲದಿದ್ದರೆ, ಮಗುವಿನ ಮೇಲೆ ಕೈ ಎತ್ತುವುದು ಮತ್ತೆ ಶುರುವಾದರೆ, ಅಥವಾ ಬದುಕು ಬೇಡವೆನ್ನಿಸಿದರೆ ಈ ಲೇಖನದ ಹೆಜ್ಜೆಗಳು ಸಾಲವು, ವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಬಂದರೆ ಎರಡು ವಾರ ಕಾಯಬಾರದು, ಅಂದೇ ಹೇಳಿಕೊಳ್ಳಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿ ಮಾತಾಡುತ್ತಾರೆ.

ಹನ್ನೊಂದು ತಿಂಗಳ ನಂತರ ಆ ತಾಯಿ ಒಂದು ಹಾಳೆಯ ಫೋಟೋ ಕಳಿಸಿದರು. ಅಂಗಡಿಗೆ ಬೇಕಾದ ಸಾಮಾನಿನ ಪಟ್ಟಿ, ತಂದೆ ಹೇಳಿ ಮಗ ಬರೆದದ್ದು. ‘ಸ್ಕ್ರೂ’ ಎಂಬಲ್ಲಿ ಒತ್ತು ತಪ್ಪಿತ್ತು, ‘ಬಣ್ಣದ ಡಬ್ಬಿ’ ಎಂಬಲ್ಲಿ ಎರಡೂ ಒತ್ತು ಸರಿಯಾಗಿ ಬಿದ್ದಿದ್ದವು. ಕೆಂಪು ಶಾಯಿ ಎಲ್ಲೂ ಇರಲಿಲ್ಲ. ಪಟ್ಟಿಯ ಪಕ್ಕ ನೀಲಿ ಪೆನ್ನಿನಲ್ಲಿ, ಸರಕು ಬಂದದ್ದಕ್ಕೆ ತಂದೆ ಹಾಕಿದ ಸರಿ ಗುರುತುಗಳಿದ್ದವು.